ಗೆಳತಿಯ ಬೀಳ್ಕೊಡುಗೆಗೆ ಐದು ವಾಕ್ಯ: ಲೋಟ ಎತ್ತುವ ಮುನ್ನ ಮಾಡಬೇಕಾದದ್ದು

ಬೀಳ್ಕೊಡುಗೆ ಕೂಟದಲ್ಲಿ ಲೋಟ ಹಿಡಿದು ನಾಲ್ಕು ಮಾತು ಹೇಳಲು ಎದ್ದವರು ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಮಾತು ಬಾರದೆ ಅಲ್ಲ. ಎದುರಿಗಿರುವವರಲ್ಲಿ ಅರ್ಧದಷ್ಟು ಜನಕ್ಕೆ ಮಾತ್ರ ಗೊತ್ತಿರುವ ಕಥೆಯನ್ನು ಎತ್ತಿಕೊಳ್ಳುತ್ತಾರೆ. ಕಾಲೇಜಿನವರು ನಗುತ್ತಾರೆ, ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಕಚೇರಿಯವರು ಮೊಬೈಲ್ ತೆಗೆಯುತ್ತಾರೆ. ಅದು ಕಂಡು ಗಾಬರಿಯಾದ ಮಾತುಗಾರ ಕಥೆಯನ್ನು ವಿವರಿಸಲು ಹೋಗುತ್ತಾನೆ, ಒಂದು ನಿಮಿಷದ ಮಾತು ಎಂಟು ನಿಮಿಷವಾಗುತ್ತದೆ. ನನ್ನ ಬಳಿ ಸಲಹೆ ಕೇಳಿಕೊಂಡು ಬಂದು, ಆಮೇಲೂ ಸರಿಹೋಗಲಿಲ್ಲ ಎಂದವರೆಲ್ಲರೂ ವಾಕ್ಯಗಳನ್ನು ತಿದ್ದುತ್ತಿದ್ದರು, ತಿದ್ದಬೇಕಾದದ್ದು ಆಯ್ಕೆಯನ್ನು. ಆದ್ದರಿಂದ ಇಲ್ಲಿ ಕೆಲಸದ ಕ್ರಮವೇ ಮುಖ್ಯ. ಬರೆಯುವುದು ಮೂರನೆಯ ಹಂತ, ಮೊದಲನೆಯದಲ್ಲ.

ಉದಾಹರಣೆಗೆ ನಾನೇ ಮಾತನಾಡಿದ ಒಂದು ಕೂಟವನ್ನು ಕೊನೆಯವರೆಗೂ ಜೊತೆಗೆ ಇಟ್ಟುಕೊಳ್ಳುತ್ತೇನೆ. ಮೈಸೂರಿನಲ್ಲಿ ನಾಲ್ಕು ವರ್ಷ ನನ್ನ ಜೊತೆ ಒಂದೇ ಬಾಡಿಗೆ ಮನೆಯಲ್ಲಿದ್ದ ಗೆಳತಿ ನರ್ಸ್ ಕೆಲಸಕ್ಕೆಂದು ಜರ್ಮನಿಗೆ ಹೊರಟಿದ್ದಳು. ಮನೆಯ ತಾರಸಿಯ ಮೇಲೆ ಊಟ, 26 ಜನ. ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಬಂದ ಅವಳ ಅಪ್ಪ ಅಮ್ಮ, ಕೆಳಗಿನ ಮನೆಯಲ್ಲಿರುವ ಮಾಲೀಕರು ಮತ್ತು ಅವರ ಹೆಂಡತಿ, ಆಸ್ಪತ್ರೆಯ ಸಹೋದ್ಯೋಗಿಗಳು, ಕಾಲೇಜಿನ ಗೆಳೆಯರು, ಅಕ್ಕಪಕ್ಕದ ಮಕ್ಕಳು. ಸಹೋದ್ಯೋಗಿಗಳಲ್ಲಿ ಐವರು ಕೇರಳದವರು, ಕನ್ನಡ ಅರ್ಥವಾಗುತ್ತದೆ, ವೇಗವಾಗಿ ಆಡಿದರೆ ತಪ್ಪಿಹೋಗುತ್ತದೆ.

## ಬೇಕಾಗುವ ಸಾಮಾನು

ಅಂಗೈಯಷ್ಟು ಅಗಲದ ಒಂದು ಚೀಟಿ, ಸಮಯ ನೋಡಲು ಮೊಬೈಲ್, ಎಲ್ಲರಿಗೂ ಸಾಲುವಷ್ಟು ಲೋಟ, ಎಲ್ಲರೂ ಕುಡಿಯಬಹುದಾದ ಒಂದೇ ಪಾನೀಯ. ಇವುಗಳ ಜೊತೆಗೆ ಇಬ್ಬರು ಸಹಾಯಕರು: ಒಬ್ಬರು ಲೋಟ ಹಂಚಲು, ಇನ್ನೊಬ್ಬರು ನೀವು ಮುಗಿಸಿದ ಕೂಡಲೇ ಮೊದಲ ದನಿ ಎತ್ತಲು. ಈ ಎರಡನೆಯ ವ್ಯಕ್ತಿಯನ್ನು ಎಲ್ಲರೂ ಮರೆಯುತ್ತಾರೆ. ಏಕೆ ಬೇಕು ಎಂಬುದು ಆರನೆಯ ಹಂತದಲ್ಲಿ ತಿಳಿಯುತ್ತದೆ.

## ಹಂತ 1: ಯಾರು ಯಾರು ಬರುತ್ತಾರೆ ಎಂದು ಬರೆದುಕೊಳ್ಳಿ

ಹೆಸರುಗಳ ಪಟ್ಟಿ ಬೇಡ, ಗುಂಪುಗಳ ಪಟ್ಟಿ ಸಾಕು. ಮನೆಯವರು, ಕೆಲಸದವರು, ಹಳೆಯ ಗೆಳೆಯರು, ನೆರೆಯವರು ಎಂದು ಬರೆದು ಪ್ರತಿಯೊಂದರ ಮುಂದೆ ಎರಡು ಸಂಗತಿ ಗುರುತು ಮಾಡಿ. ಆ ಗುಂಪು ಹೊರಡುವವರನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಕಂಡಿದೆ? ಆ ಗುಂಪಿಗೆ ಏನು ಗೊತ್ತಿಲ್ಲ?

ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಅವಘಡಗಳೆಲ್ಲ ಹುಟ್ಟುವುದು ಅಲ್ಲಿಯೇ. ಸಂಬಳ ಎಷ್ಟು ಎಂಬುದು ಮನೆಯವರಿಗೆ ತಿಳಿದಿರುತ್ತದೆ, ಸಹೋದ್ಯೋಗಿಗಳಿಗೆ ತಿಳಿಯಬಾರದು. ಕೆಲಸ ಬಿಟ್ಟ ನಿಜವಾದ ಕಾರಣ ಸಹೋದ್ಯೋಗಿಗಳಿಗೆ ಗೊತ್ತಿರುತ್ತದೆ, ಅಪ್ಪನಿಗೆ ಬೇರೆಯೇ ಹೇಳಿರುತ್ತಾರೆ. ಅನುಮಾನವಿದ್ದರೆ ಹೊರಡುವವರನ್ನೇ ನೇರವಾಗಿ ಕೇಳಿ: "ನಾನು ನಾಲ್ಕು ಮಾತು ಹೇಳುತ್ತೇನೆ, ಯಾವುದನ್ನು ಎತ್ತಬಾರದು?" ಏನು ಹೇಳಲಿ ಎಂದು ಮಾತ್ರ ಕೇಳಬೇಡಿ, ಅವರು ಸಂಕೋಚದಿಂದ ಏನೂ ಬೇಡ ಎನ್ನುತ್ತಾರೆ.

ನಾನು ಕೇಳಿದ್ದು ಒಳ್ಳೆಯದಾಯಿತು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಕಥೆ, ಮಳೆಯಲ್ಲಿ ನಾವಿಬ್ಬರೂ ಸ್ಕೂಟರಿನಿಂದ ಜಾರಿ ಬಿದ್ದದ್ದು, ಅವಳು ತನ್ನ ಮಂಡಿಯ ಗಾಯ ನೋಡಿಕೊಳ್ಳದೆ ನನ್ನ ಕೈಗೆ ಪಟ್ಟಿ ಕಟ್ಟಿದ್ದು. ನಮ್ಮಿಬ್ಬರಿಗೆ ಅದಕ್ಕಿಂತ ದೊಡ್ಡ ನೆನಪಿಲ್ಲ. ಆದರೆ ಅವಳು ಬಿದ್ದ ಸಂಗತಿಯೇ ಅವಳ ಅಮ್ಮನಿಗೆ ಗೊತ್ತಿರಲಿಲ್ಲ. ಮಗಳು ವಿಮಾನ ಹತ್ತುವ ಎರಡು ದಿನ ಮೊದಲು ಆ ತಾಯಿಯ ಎದೆ ಝಲ್ಲೆನ್ನುವಂತೆ ಮಾಡುವ ಹಕ್ಕು ನನಗಿಲ್ಲ. ಕಥೆಯನ್ನು ಬಿಟ್ಟೆ.

## ಹಂತ 2: ಎಲ್ಲ ಗುಂಪುಗಳೂ ಕಂಡ ಒಂದು ವಸ್ತುವನ್ನು ಹುಡುಕಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಎರಡು ದಿನ ಬೇಕಾದರೂ ಕೊಡಿ.

ಸಾಮಾನ್ಯವಾಗಿ ಜನ ಘಟನೆಯನ್ನು ಹುಡುಕುತ್ತಾರೆ. ಘಟನೆ ಎಂದರೆ ಅಲ್ಲಿದ್ದವರದು. ಇಲ್ಲದವರಿಗೆ ಅದು ಕೇಳಿದ ಸುದ್ದಿ ಮಾತ್ರ. ಬೇರೆ ಬೇರೆ ಕಡೆಯ ಜನ ಸೇರಿದ ಕೂಟದಲ್ಲಿ ಒಂದು ವಸ್ತು ಅಥವಾ ಒಂದು ಅಭ್ಯಾಸ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಏಕೆಂದರೆ ಪ್ರತಿಯೊಂದು ಗುಂಪೂ ಅದರ ಒಂದು ಮಗ್ಗುಲನ್ನು ತನ್ನ ಕಣ್ಣಿನಿಂದಲೇ ನೋಡಿರುತ್ತದೆ. ಸದಾ ಹೊತ್ತು ತಿರುಗುವ ಚೀಲ, ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್, ಎಲ್ಲಿಗೆ ಹೋದರೂ ಹತ್ತು ನಿಮಿಷ ಮುಂಚೆ ತಲುಪುವ ರೂಢಿ, ಫೋನ್ ಇಡುವ ಮೊದಲು ತಪ್ಪದೆ ಕೇಳುವ "ಊಟ ಆಯಿತಾ" ಎಂಬ ಮಾತು. ಇಂಥದ್ದು ಯಾವುದಿದೆ ಎಂದು ಯೋಚಿಸಿ.

ಹೊಳೆಯದಿದ್ದರೆ ಪ್ರತಿ ಗುಂಪಿನ ಒಬ್ಬರಿಗೆ ಫೋನ್ ಮಾಡಿ. "ಅವಳ ಬಗ್ಗೆ ಒಂದು ಮಾತು ಹೇಳಿ" ಎಂದರೆ "ತುಂಬಾ ಒಳ್ಳೆಯವಳು" ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. "ಅವಳು ಎಂದಾಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ?" ಎಂದು ಕೇಳಿ. ನಾನು ಮೂರು ಜನಕ್ಕೆ ಕೇಳಿದೆ. ಆಸ್ಪತ್ರೆಯ ಗೆಳತಿ ಹೇಳಿದ್ದು ಸ್ಕೂಟರ್. ಕೆಳಗಿನ ಮನೆಯ ಆಂಟಿ ಹೇಳಿದ್ದು, ಬ್ಯಾಂಕಿಗೆ ಕರೆದುಕೊಂಡು ಹೋಗುವಾಗ ಅವಳೇ ತಮ್ಮ ಗದ್ದದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದುದು. ಅಮ್ಮ ಹೇಳಿದ್ದು, ತಾವು ಊರಿನಿಂದ ಬಂದಾಗಲೆಲ್ಲ ಸಬರ್ಬನ್ ಬಸ್ ನಿಲ್ದಾಣದ ಹೊರಗೆ ಅವಳು ಒಂದು ಹೆಲ್ಮೆಟ್ ತಲೆಗೆ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿರುತ್ತಿದ್ದುದು.

ಆ ಎರಡನೆಯ ಹೆಲ್ಮೆಟ್ ಹಸಿರು ಬಣ್ಣದ್ದು. ಅದರ ಎಡಗಡೆ ಬಣ್ಣ ಕಿತ್ತುಹೋಗಿತ್ತು, ಒಳಗಿನ ಸ್ಪಂಜನ್ನು ಅವಳು ತಿಂಗಳಿಗೊಮ್ಮೆ ಬಿಚ್ಚಿ ತೊಳೆದು ತಾರಸಿಯ ತಂತಿಗೆ ಒಣಹಾಕುತ್ತಿದ್ದಳು. ನಾಲ್ಕು ವರ್ಷ ಅದನ್ನು ನೋಡಿದ್ದೆ, ಅದೇ ಎಲ್ಲರ ಕಥೆ ಎಂದು ನನಗೆ ಹೊಳೆದಿರಲಿಲ್ಲ. ಬರುವವರಲ್ಲಿ ಮುಕ್ಕಾಲು ಪಾಲು ಜನ ಒಂದಲ್ಲ ಒಂದು ದಿನ ಅದನ್ನು ತಲೆಗೆ ಹಾಕಿಕೊಂಡವರೇ.

ಆರಿಸಿದ್ದು ಸರಿಯೇ ಎಂದು ತಿಳಿಯಲು ಒಂದು ಪರೀಕ್ಷೆ: ಆ ವಸ್ತುವಿನ ಹೆಸರನ್ನು ಮಾತ್ರ ಪ್ರತಿ ಗುಂಪಿನ ಒಬ್ಬರ ಮುಂದೆ ಹೇಳಿ. "ಹಸಿರು ಹೆಲ್ಮೆಟ್" ಎಂದಾಗ ಅವರು ಹಿನ್ನೆಲೆ ಕೇಳದೆ ನಕ್ಕರೆ ಅಥವಾ ತಾವೇ ಮಾತು ಮುಂದುವರಿಸಿದರೆ ಅದು ಸರಿಯಾದ ವಸ್ತು. "ಯಾವ ಹೆಲ್ಮೆಟ್?" ಎಂದು ಯಾರಾದರೂ ಒಬ್ಬರು ಕೇಳಿದರೆ ಚಿಂತೆಯಿಲ್ಲ. ಎರಡು ಗುಂಪಿನವರು ಕೇಳಿದರೆ ಬೇರೆ ವಸ್ತು ಹುಡುಕಿ.

## ಹಂತ 3: ಐದು ವಾಕ್ಯ ಬರೆಯಿರಿ, ಈ ಕ್ರಮದಲ್ಲಿ

ಮೊದಲ ವಾಕ್ಯ ನೀವು ಯಾರು ಎಂಬುದು. ಮಿಶ್ರ ಕೂಟದಲ್ಲಿ ಅರ್ಧ ಜನಕ್ಕೆ ನಿಮ್ಮ ಪರಿಚಯವಿರುವುದಿಲ್ಲ, ಅದು ತಿಳಿಯುವವರೆಗೆ ಅವರು ನಿಮ್ಮ ಮಾತು ಕೇಳುವುದಿಲ್ಲ. ಎರಡನೆಯದು ವಸ್ತು. ಮೂರನೆಯದರಲ್ಲಿ ಪ್ರತಿ ಗುಂಪೂ ಆ ವಸ್ತುವಿನ ಜೊತೆ ಒಮ್ಮೆ ಬರಬೇಕು. ನಾಲ್ಕನೆಯದು ಆ ವಸ್ತುವಿನಿಂದಲೇ ಹುಟ್ಟಿದ ಹಾರೈಕೆ. ಐದನೆಯದು ಲೋಟ ಎತ್ತುವ ಕರೆ.

ನಾನು ಮೊದಲು ಬರೆದದ್ದು ಹೀಗಿತ್ತು: "ಎಲ್ಲರಿಗೂ ನಮಸ್ಕಾರ. ಇವಳ ಬಗ್ಗೆ ಹೇಳಲು ಪದಗಳೇ ಸಾಲದು. ಇವಳು ಎಲ್ಲರಿಗೂ ಸಹಾಯ ಮಾಡುವ ಗುಣದವಳು. ಇವಳು ಎಲ್ಲೇ ಇದ್ದರೂ ಚೆನ್ನಾಗಿರಲಿ ಎಂದು ಹಾರೈಸುತ್ತೇನೆ." ಈ ನಾಲ್ಕು ವಾಕ್ಯಗಳಲ್ಲಿ ಸುಳ್ಳಿಲ್ಲ, ಆದರೆ ಅವಳೂ ಇಲ್ಲ. ಹೆಸರು ಬದಲಿಸಿದರೆ ಯಾವ ನಿವೃತ್ತಿ ಸಮಾರಂಭಕ್ಕಾದರೂ ಹೊಂದುತ್ತದೆ. ನಿಮ್ಮ ಬರಹಕ್ಕೂ ಇದೇ ಪರೀಕ್ಷೆ ಹಚ್ಚಿ: ಬೇರೊಬ್ಬರ ಹೆಸರು ಹಾಕಿದರೂ ವಾಕ್ಯ ನಿಲ್ಲುತ್ತದೆ ಎಂದಾದರೆ ಅದನ್ನು ಹೊಡೆದುಹಾಕಿ.

ತಿದ್ದಿದ ಮೇಲೆ ಉಳಿದದ್ದು ಇದು:

> ಎಲ್ಲರೂ ಒಂದು ನಿಮಿಷ ಇತ್ತ ನೋಡಿ, ನಾನು ಇವಳ ಜೊತೆ ಇದೇ ಮನೆಯಲ್ಲಿ ನಾಲ್ಕು ವರ್ಷ ಇದ್ದವಳು. ಇವಳ ಸ್ಕೂಟರಿನಲ್ಲಿ ಯಾವಾಗಲೂ ಎರಡು ಹೆಲ್ಮೆಟ್, ಎರಡನೆಯದು ಹಸಿರು. ಅದನ್ನು ಬಸ್ ನಿಲ್ದಾಣದಲ್ಲಿ ಅಮ್ಮ ಹಾಕಿಕೊಂಡಿದ್ದಾರೆ, ಬ್ಯಾಂಕಿಗೆ ಹೋಗುವಾಗ ಆಂಟಿ ಹಾಕಿಕೊಂಡಿದ್ದಾರೆ, ಡ್ಯೂಟಿ ಮುಗಿದ ಮೇಲೆ ಆಸ್ಪತ್ರೆಯವರು ಹಾಕಿಕೊಂಡಿದ್ದಾರೆ, ಪರೀಕ್ಷೆಯ ದಿನ ಬಸ್ ತಪ್ಪಿಸಿಕೊಂಡ ಕಾಲೇಜಿನವರೆಲ್ಲ ಹಾಕಿಕೊಂಡಿದ್ದಾರೆ. ಗಾಡಿ ಹೊರಡುವ ಮೊದಲೇ ಹಿಂದೆ ಕೂರುವವರನ್ನು ನೆನೆಯುತ್ತಿದ್ದವಳು ನೀನು, ಹೋದ ಊರಿನಲ್ಲಿ ನಿನಗೂ ಯಾರಾದರೂ ಹೀಗೆ ಒಂದು ಹೆಲ್ಮೆಟ್ ಎತ್ತಿಟ್ಟಿರಲಿ. ಎಲ್ಲರೂ ಲೋಟ ಎತ್ತಿ: ಹೋಗಿ ಬಾ, ಒಳ್ಳೆಯದಾಗಲಿ!

ನಿಧಾನವಾಗಿ ಹೇಳಿದರೆ ಇದಕ್ಕೆ ಒಂದು ನಿಮಿಷ ಹಿಡಿಯುವುದಿಲ್ಲ. "ಸಹಾಯ ಮಾಡುವ ಗುಣ" ಎಂಬ ಮಾತು ಎಲ್ಲಿಯೂ ಇಲ್ಲ. ಮೂರನೆಯ ವಾಕ್ಯದಲ್ಲಿ ನಾನಿಲ್ಲ ಎಂಬುದನ್ನೂ ಗಮನಿಸಿ. ನನ್ನ ಸರದಿ ಮೊದಲ ವಾಕ್ಯದಲ್ಲೇ ಮುಗಿಯಿತು. ಮಾತನಾಡುವವರು ತಮ್ಮನ್ನು ಎರಡನೆಯ ಸಲ ತಂದುಕೊಂಡರೆ ಮಾತು ಮೆಲ್ಲಗೆ ಅವರ ಕಥೆಯಾಗಿಬಿಡುತ್ತದೆ.

ಬರೆಯುವಾಗ ಈ ಮಾತುಗಳಿಂದ ದೂರವಿರಿ: "ಕೊನೆಯ ಸಲ", "ಇನ್ನು ಮುಂದೆ ಸಿಗುವುದಿಲ್ಲ", "ನಮ್ಮನ್ನು ಬಿಟ್ಟು ಹೋಗುತ್ತಿದ್ದಾಳೆ". ಹಿರಿಯರಿಗೆ ಇವು ಅಪಶಕುನದ ಮಾತುಗಳು. "ವಿದಾಯ" ಎಂಬ ಪದವನ್ನೂ ನಾನು ಬಳಸುವುದಿಲ್ಲ, ಪತ್ರಿಕೆಗಳಲ್ಲಿ ಅದು "ಅಂತಿಮ" ಎಂಬ ಪದದ ಜೊತೆಗೆ ಬಂದು ಬಂದು ಕಿವಿಗೆ ಭಾರವಾಗಿದೆ. ನಮ್ಮಲ್ಲಿ ಮನೆಯಿಂದ ಹೊರಡುವವರು "ಹೋಗುತ್ತೇನೆ" ಎನ್ನುವುದಿಲ್ಲ, "ಬರುತ್ತೇನೆ" ಎನ್ನುತ್ತಾರೆ. ಕಳುಹಿಸುವವರು "ಹೋಗಿ ಬಾ" ಎನ್ನುತ್ತಾರೆ. ಮರಳಿ ಬರುವ ಮಾತು ಆ ಎರಡು ಪದಗಳಲ್ಲೇ ಇರುವಾಗ ಬೇರೆ ಮುಕ್ತಾಯ ಹುಡುಕಬೇಕಿಲ್ಲ. ಮಲಯಾಳಂ, ತಮಿಳು, ತೆಲುಗಿನವರೂ ಹೀಗೆಯೇ "ಹೋಗಿ ಬಾ" ಎಂದು ಕಳುಹಿಸುವವರು, ಆದ್ದರಿಂದ ಕೇರಳದ ಐವರಿಗೂ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

## ಹಂತ 4: ನೀನು, ನೀವು, ಇವಳು, ಇವರು

ಕನ್ನಡದಲ್ಲಿ ಈ ಮಾತು ಹೇಳುವವರಿಗೆ ಬರುವ ತೊಡಕು ಇದು, ವೇದಿಕೆಯಲ್ಲಿ ನಿಂತ ಮೇಲೆ ತೀರ್ಮಾನಿಸಲು ಆಗುವುದಿಲ್ಲ. ನೀವು ಗೆಳತಿಯನ್ನು ದಿನವೂ "ನೀನು" ಎನ್ನುತ್ತೀರಿ. ಎದುರಿಗೆ ಅವಳ ಅತ್ತೆ ಮಾವ ಕುಳಿತಿದ್ದಾರೆ, ಅಥವಾ ಅವಳ ಕೈಕೆಳಗೆ ಕೆಲಸ ಮಾಡುವವರಿದ್ದಾರೆ. ಗಾಬರಿಯಲ್ಲಿ ಮೊದಲ ವಾಕ್ಯ "ಇವರು" ಎಂದು ಶುರುವಾಗಿ, ಎರಡನೆಯದು "ಇವಳು" ಎಂದಾಗಿ, ಕೊನೆಗೆ "ನೀವು" ಎಂದು ನಿಲ್ಲುತ್ತದೆ. ಕೇಳುವವರಿಗೆ ಇದು ಕೂಡಲೇ ತಿಳಿಯುತ್ತದೆ, ಮಾತು ಕೃತಕವೆನ್ನಿಸುತ್ತದೆ.

ಅಪ್ಪ ಅಮ್ಮ ಮಾತ್ರ ಇದ್ದರೆ "ಇವಳು, ನೀನು" ಎಂದೇ ಹೇಳಿ; ಮಗಳಿಗೆ ಗೆಳತಿ ಏಕವಚನ ಬಳಸಿದರೆ ಅವರಿಗೆ ಸಂತೋಷವೇ. ಗಂಡನ ಮನೆಯವರು ಅಥವಾ ಕಿರಿಯ ಸಹೋದ್ಯೋಗಿಗಳು ಇದ್ದರೆ ಜನರಿಗೆ ಹೇಳುವ ವಾಕ್ಯಗಳಲ್ಲಿ ಸರ್ವನಾಮದ ಬದಲು ಹೆಸರು ಹಾಕಿ, "ಇರುತ್ತಾಳೆ" ಎಂಬಂಥ ಕ್ರಿಯಾಪದ ಬಾರದ ಹಾಗೆ ವಾಕ್ಯ ಕಟ್ಟಿ. "ಸ್ಕೂಟರಿನಲ್ಲಿ ಯಾವಾಗಲೂ ಎರಡು ಹೆಲ್ಮೆಟ್" ಎಂಬ ವಾಕ್ಯದಲ್ಲಿ ಗೌರವದ ಪ್ರಶ್ನೆಯೇ ಏಳುವುದಿಲ್ಲ. ಕೊನೆಯಲ್ಲಿ ಅವಳ ಕಡೆಗೆ ತಿರುಗಿ ಹೇಳುವ ಒಂದು ವಾಕ್ಯ ಮಾತ್ರ "ನೀನು" ಆಗಿರಲಿ. ಗೆಳೆತನದ ಸಲುಗೆ ಅಲ್ಲಿಗೆ ಒಪ್ಪುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ.

ಬರೆದದ್ದು ಪುಸ್ತಕದ ಕನ್ನಡದಲ್ಲಿರುತ್ತದೆ. ಅದನ್ನು ಹಾಗೆಯೇ ಓದಬೇಡಿ. ನಿಮ್ಮ ಮನೆಯಲ್ಲಿ ನೀವು ಆಡುವ ಕನ್ನಡ ಧಾರವಾಡದ್ದಾಗಲಿ, ಮಂಗಳೂರಿನದ್ದಾಗಲಿ, ಮಂಡ್ಯದ್ದಾಗಲಿ, ಬಾಯಲ್ಲಿ ಬರಬೇಕಾದದ್ದು ಅದೇ.

## ಹಂತ 5: ಲೋಟದಲ್ಲಿ ಏನು, ಯಾವಾಗ

ಲೋಟ ಎತ್ತುವ ಪದ್ಧತಿ ಹೊರಗಿನಿಂದ ಬಂದದ್ದು, ನಮ್ಮ ಊಟದ ಪದ್ಧತಿಗೆ ಅದನ್ನು ಹೊಂದಿಸಿಕೊಳ್ಳಬೇಕು. ಊಟ ಶುರುವಾದ ಮೇಲೆ ಲೋಟ ಎತ್ತಲು ಹೇಳಿದರೆ ಎಲ್ಲರ ಬಲಗೈ ಸಾರು ಅನ್ನದಲ್ಲಿರುತ್ತದೆ. ಎಂಜಲು ಕೈಯಲ್ಲಿ ಲೋಟ ಮುಟ್ಟುವುದಿಲ್ಲ, ಎಡಗೈ ಎತ್ತಲು ಹಿರಿಯರಿಗೆ ಮನಸ್ಸು ಬರುವುದಿಲ್ಲ. ಊಟ ಮುಗಿದ ಮೇಲೆ ಎಂದರೆ ಅಷ್ಟು ಹೊತ್ತಿಗೆ ಬಸ್ ಹಿಡಿಯುವವರು ಹೊರಟಿರುತ್ತಾರೆ. ಆದ್ದರಿಂದ ಎಲ್ಲರೂ ಬಂದು ಸೇರಿದ ಮೇಲೆ, ಎಲೆ ಹಾಕುವ ಅಥವಾ ತಟ್ಟೆ ಹಿಡಿಯುವ ಹತ್ತು ನಿಮಿಷ ಮೊದಲು. ಬೇರೆ ಹೊತ್ತು ಹುಡುಕಬೇಡಿ.

ಪಾನೀಯ ಒಂದೇ ಇರಲಿ. ಕೆಲವರ ಕೈಯಲ್ಲಿ ಬಿಯರ್, ಕೆಲವರಲ್ಲಿ ಮಜ್ಜಿಗೆ, ಕೆಲವರಲ್ಲಿ ಏನೂ ಇಲ್ಲ ಎಂದಾದರೆ ಗುಂಪು ಅಲ್ಲೇ ಒಡೆಯುತ್ತದೆ. ಕುಡಿಯುವವರು ಆಮೇಲೆ ಕುಡಿಯಲಿ, ಆ ಒಂದು ನಿಮಿಷ ಎಲ್ಲರಿಗೂ ನಿಂಬೆಹಣ್ಣಿನ ಪಾನಕವೋ ಮಜ್ಜಿಗೆಯೋ ಸಾಕು. ತಲೆಗೆ ಅರ್ಧ ಲೋಟ, ಅಂದರೆ ಸುಮಾರು 100 ಮಿಲಿ ಲೀಟರ್ ಲೆಕ್ಕ ಹಾಕಿ. ನಮ್ಮ 26 ಜನಕ್ಕೆ ಮೂರು ಲೀಟರ್ ಪಾನಕ ಮಾಡಿದೆವು, ಸ್ವಲ್ಪ ಉಳಿಯಿತು. ಸಕ್ಕರೆ ಕಾಯಿಲೆ ಇರುವವರಿಗೂ ಉಪವಾಸ ಇರುವವರಿಗೂ ಒಂದು ತಟ್ಟೆಯಲ್ಲಿ ನೀರಿನ ಲೋಟ ಇರಲಿ. ರಂಜಾನ್ ತಿಂಗಳಾದರೆ ಕೂಟವನ್ನೇ ಸೂರ್ಯಾಸ್ತದ ನಂತರ ಇಟ್ಟುಕೊಳ್ಳಿ.

ಲೋಟಕ್ಕೆ ಲೋಟ ತಾಗಿಸಲು ಹೇಳಬೇಡಿ. ಬಾಯಿಟ್ಟ ಲೋಟ ಎಂಜಲು, ಅದನ್ನು ಇನ್ನೊಬ್ಬರ ಲೋಟಕ್ಕೆ ತಾಗಿಸುವುದು ಎಷ್ಟೋ ಜನಕ್ಕೆ ಇಷ್ಟವಾಗುವುದಿಲ್ಲ, ಹೇಳಲೂ ಆಗುವುದಿಲ್ಲ. ಎದೆಯ ಮಟ್ಟಕ್ಕೆ ಎತ್ತಿದರೆ ಸಾಕು. "ಚಿಯರ್ಸ್" ಎಂಬ ಕೂಗೂ ಬೇಡ, ಅದು ಕೇಳಿದೊಡನೆ ಹಳ್ಳಿಯಿಂದ ಬಂದ ಅಪ್ಪನ ಕಣ್ಣು ಲೋಟದೊಳಕ್ಕೆ ಹೋಗುತ್ತದೆ. "ಒಳ್ಳೆಯದಾಗಲಿ" ಎಂಬುದನ್ನು ಹಿರಿಯರು ಆಶೀರ್ವಾದವಾಗಿ, ಓರಗೆಯವರು ಹಾರೈಕೆಯಾಗಿ, ಇಬ್ಬರೂ ಒಟ್ಟಿಗೆ ಹೇಳಬಹುದು.

## ಹಂತ 6: ಅಭ್ಯಾಸ, ಆಮೇಲೆ ಆ ಒಂದು ನಿಮಿಷ

ಮೂರು ಸಲ ನಿಂತು, ಗಟ್ಟಿಯಾಗಿ, ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು ಹೇಳಿ. ಮನಸ್ಸಿನಲ್ಲಿ ಓದಿಕೊಳ್ಳುವುದು ಅಭ್ಯಾಸವಲ್ಲ. ಗಟ್ಟಿಯಾಗಿ ಹೇಳಿದಾಗ ಗಂಟಲು ಎಲ್ಲಿ ಕಟ್ಟುತ್ತದೆ ಎಂಬುದು ಗೊತ್ತಾಗುತ್ತದೆ, ನನಗೆ ಅದು "ನೀನು" ಎಂಬಲ್ಲಿ ಕಟ್ಟುತ್ತಿತ್ತು. ಅಂಥ ಜಾಗದ ಮೊದಲು ಉಸಿರೆಳೆದುಕೊಳ್ಳಲು ಚೀಟಿಯಲ್ಲಿ ಒಂದು ಗೆರೆ ಹಾಕಿಕೊಳ್ಳಿ. ಚೀಟಿಯಲ್ಲಿ ಪೂರ್ತಿ ವಾಕ್ಯಗಳಿರಬಾರದು. ನನ್ನದರಲ್ಲಿ ಇದ್ದದ್ದು ಆರು ಪದ: ನಾಲ್ಕು ವರ್ಷ, ಹಸಿರು, ಅಮ್ಮ, ಆಂಟಿ, ಲೋಟ. ಆಸ್ಪತ್ರೆಯವರೂ ಕಾಲೇಜಿನವರೂ ಎದುರಿಗೇ ಕಾಣುತ್ತಾರೆ, ಅವರನ್ನು ಬರೆದುಕೊಳ್ಳಬೇಕಿರಲಿಲ್ಲ.

ಕೂಟದ ದಿನ ಕ್ರಮ ಹೀಗಿರಲಿ. ಹಾಡು ನಿಲ್ಲಿಸಿ. ಸಹಾಯಕರು ಲೋಟ ಹಂಚಲಿ, ಹಿರಿಯರಿಂದ ಶುರುಮಾಡಿ. ಕೊನೆಯ ವ್ಯಕ್ತಿಯ ಕೈಗೆ ಲೋಟ ಬರುವವರೆಗೆ ಬಾಯಿ ತೆರೆಯಬೇಡಿ. ಲೋಟ ಕೊಡುತ್ತಿರುವಾಗ ಹೇಳಿದ ಮೊದಲ ವಾಕ್ಯ ಯಾರಿಗೂ ಕೇಳುವುದಿಲ್ಲ. ಹೊರಡುವವರ ಪಕ್ಕದಲ್ಲಿ ನಿಲ್ಲಬೇಡಿ, ಎದುರಿಗೆ ಸ್ವಲ್ಪ ಓರೆಯಾಗಿ ನಿಲ್ಲಿ, ಆಗ ಅವರ ಮುಖ ನಿಮಗೂ ಕಾಣುತ್ತದೆ, ಜನರಿಗೂ ಕಾಣುತ್ತದೆ.

ಮೂರನೆಯ ವಾಕ್ಯದಲ್ಲಿ ಪ್ರತಿ ಗುಂಪಿನ ಹೆಸರು ಬಂದಾಗ ಆ ಕಡೆಗೆ ನೋಡಿ, ಅವರು ನಗಲು ಒಂದು ಕ್ಷಣ ಬಿಡಿ. ನಾನು "ಹಸಿರು" ಎಂದ ಕೂಡಲೇ ಆಸ್ಪತ್ರೆಯವರ ಕಡೆಯಿಂದ ನಗು ಎದ್ದಿತು. "ಆಂಟಿ" ಎಂದಾಗ ಮಾಲೀಕರು ತಿರುಗಿ ಹೆಂಡತಿಯ ಮುಖ ನೋಡಿದರು. ಅವರಿಗೆ ಬ್ಯಾಂಕಿನ ಕಥೆ ಗೊತ್ತಿರಲಿಲ್ಲ.

ಐದನೆಯ ವಾಕ್ಯ ಮುಗಿದ ಮೇಲೆ ಬರುವ ಎರಡು ಸೆಕೆಂಡು ಅಪಾಯದ್ದು. ನಮ್ಮ ಜನಕ್ಕೆ ಒಟ್ಟಿಗೆ ಕೂಗುವ ರೂಢಿ ಕಡಿಮೆ, ಯಾರಾದರೂ ಶುರುಮಾಡಲಿ ಎಂದು ಎಲ್ಲರೂ ಕಾಯುತ್ತಾರೆ. ಆ ಮೌನ ಕಂಡು ಮಾತುಗಾರ ಆರನೆಯ ವಾಕ್ಯ ಶುರುಮಾಡುತ್ತಾನೆ, ಅಲ್ಲಿಗೆ ಎಲ್ಲ ಕೆಡುತ್ತದೆ. ಮೊದಲ ದನಿ ಎತ್ತುವ ಸಹಾಯಕರು ಬೇಕಾಗುವುದು ಇದಕ್ಕೆ. ಅವರು ಹಿಂದಿನ ಸಾಲಿನಲ್ಲಿ ನಿಂತು "ಒಳ್ಳೆಯದಾಗಲಿ" ಎಂದರೆ ಉಳಿದವರೆಲ್ಲ ಜೊತೆಗೂಡುತ್ತಾರೆ.

## ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಎರಡನೆಯ ವಾಕ್ಯದಲ್ಲೇ ಜನ ಪಕ್ಕದವರ ಕಡೆಗೆ ಬಾಗಿ ಏನೋ ಕೇಳುತ್ತಿದ್ದರೆ ಅವರಿಗೆ ವಸ್ತು ತಿಳಿದಿಲ್ಲ. ವಿವರಿಸಲು ಹೋಗಬೇಡಿ, ಮೂರನೆಯ ವಾಕ್ಯಕ್ಕೆ ಹೋಗಿ, ಅಲ್ಲಿ ತಿಳಿಯುತ್ತದೆ. ಲೋಟಗಳು ಕೆಳಗೆ ಇಳಿಯತೊಡಗಿದರೆ ಮಾತು ಉದ್ದವಾಗಿದೆ ಎಂದರ್ಥ. ಇರುವಲ್ಲಿಂದ ನೇರವಾಗಿ ಐದನೆಯ ವಾಕ್ಯಕ್ಕೆ ಹಾರಿ, ನಡುವೆ ಬಿಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರೆ ಅದು ಕೆಟ್ಟ ಸೂಚನೆಯಲ್ಲ, ಸಮಾಧಾನ ಹೇಳಲು ಮಾತು ನಿಲ್ಲಿಸಬೇಡಿ. ನಿಮಗೇ ಗಂಟಲು ಕಟ್ಟಿದರೆ ಲೋಟ ಎತ್ತಿ ಹಿಡಿದು "ಹೋಗಿ ಬಾ" ಎಂದಷ್ಟೇ ಹೇಳಿ.

ಹೊರಡುವವರ ಮುಖ ಒಮ್ಮೆಗೇ ಬಿಗಿದುಕೊಂಡರೆ ಮಾತ್ರ ಎಚ್ಚರ. ಹೇಳಬಾರದ್ದರ ಹತ್ತಿರ ಬಂದಿದ್ದೀರಿ. ಆ ವಾಕ್ಯವನ್ನು ಪೂರ್ತಿ ಮಾಡದೆ ಹಾರೈಕೆಗೆ ಹೊರಳಿ.

## ಹಂತ 7: ಮುಗಿದ ಮೇಲೆ

ಒಂದು ಗುಟುಕು ಕುಡಿದು ಕುಳಿತುಬಿಡಿ. "ಈಗ ಅವಳು ಎರಡು ಮಾತು ಹೇಳಲಿ" ಎಂದು ಮೊದಲೇ ಕೇಳದೆ ಎಬ್ಬಿಸಬೇಡಿ. ಇನ್ನೊಬ್ಬರು ಮೈಕ್ ಹಿಡಿದು ಬಿರುದು ಕೊಡಲು ಶುರುಮಾಡುವ ಮೊದಲೇ ಬಡಿಸುವವರಿಗೆ ಕಣ್ಸನ್ನೆ ಮಾಡಿ, ಎಲೆ ಹಾಕಲಿ. ಆ ದಿನ ನಮ್ಮ ತಾರಸಿಯ ಮೇಲೆ ಅನ್ನದ ಪಾತ್ರೆ ಬರುವಷ್ಟರಲ್ಲಿ ಕೇರಳದ ಹುಡುಗಿಯೊಬ್ಬಳು ಕೆಳಗಿಳಿದು ಹೋಗಿ, ಸ್ಕೂಟರಿನಿಂದ ಆ ಹಸಿರು ಹೆಲ್ಮೆಟ್ ತಂದು ಅವಳ ಅಮ್ಮನ ಪಕ್ಕದ ಕುರ್ಚಿಯ ಮೇಲೆ ಇಟ್ಟಳು. ಊಟ ಮುಗಿಯುವವರೆಗೂ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ.